ಚೌಕಳಿ ಪುಸ್ತಕದಲ್ಲಿ ಮಾರ್ಕೆಟ್ ಪ್ರೊಫೈಲ್: ನಿನ್ನೆಯ ವ್ಯಾಲ್ಯೂ ಏರಿಯಾ, ಇವತ್ತಿನ ಮೊದಲ ಗಂಟೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಇಂಟ್ರಾಡೇ ಮಾಡುವ ಓದುಗರು ನನ್ನನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ. "ಚಾರ್ಟ್ ಮೇಲೆ ವ್ಯಾಲ್ಯೂ ಏರಿಯಾ ಗೆರೆ ಬರುತ್ತೆ ಸಾರ್. ಅದು ಎಲ್ಲಿಂದ ಬರುತ್ತೆ, ಅದನ್ನು ಹಿಡಿದು ಏನು ಮಾಡಬೇಕು?" ಸಾಫ್ಟ್‌ವೇರ್ ಗೆರೆ ಎಳೆದುಕೊಡುತ್ತದೆ, ಆದರೆ ಆ ಗೆರೆಯ ಅರ್ಥ ಹೇಳುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಒಂದು ದಿನದ ಪ್ರೊಫೈಲನ್ನು ಕೈಯಲ್ಲೇ ಬರೆಯೋಣ. ಮರುದಿನ ಬೆಳಗ್ಗೆ ಅದನ್ನು ಹೇಗೆ ಬಳಸುವುದು ಅನ್ನುವುದನ್ನೂ ಒಂದು ಟ್ರೇಡ್‌ನ ಕೊನೆವರೆಗೆ ನೋಡೋಣ. ಮಾರ್ಕೆಟ್ ಪ್ರೊಫೈಲ್‌ನಲ್ಲಿ ಇನ್ನೂ ಎಷ್ಟೋ ವಿಷಯಗಳಿವೆ. ಇಲ್ಲಿ ಈ ಒಂದೇ ಎಳೆ ಸಾಕು.

ಮೊದಲು ಇದರ ಹಿಂದಿನ ಯೋಚನೆ. ನಮ್ಮ ಎಪಿಎಂಸಿಯ ಅಡಿಕೆ ದರಪಟ್ಟಿ ನೆನಪಿಸಿಕೊಳ್ಳಿ. ರಾಶಿ, ಬೆಟ್ಟೆ, ಗೊರಬಲು, ಸರಕು, ಪ್ರತಿಯೊಂದರ ಎದುರೂ ಕನಿಷ್ಠ, ಗರಿಷ್ಠ, ಮೋಡಲ್ ಅಂತ ಮೂರು ದರ ಇರುತ್ತವೆ. ಯಾವುದೋ ಒಂದು ಲಾಟ್ ಟೆಂಡರ್‌ನಲ್ಲಿ ತುಂಬಾ ಮೇಲೆ ಹೋದರೆ ಗರಿಷ್ಠ ದರ ಜಿಗಿಯುತ್ತದೆ. ಆದರೆ "ಇವತ್ತು ರಾಶಿ ಎಷ್ಟು?" ಅಂತ ಕೇಳಿದ ಬೆಳೆಗಾರನಿಗೆ ಆ ಒಂದು ಲಾಟ್‌ನ ದರ ಹೇಳಿದರೆ ಅದು ಸರಿಯಾದ ಉತ್ತರ ಅಲ್ಲ. ಹೆಚ್ಚಿನ ಮಾಲು ಎಲ್ಲಿ ಹೋಯಿತೋ ಅದೇ ದರ. ಮಾರ್ಕೆಟ್ ಪ್ರೊಫೈಲ್ ಕೇಳುವುದೂ ಇದನ್ನೇ: ಇವತ್ತು ಬೆಲೆ ಎಲ್ಲಿಗೆ ಹೋಗಿ ಬಂತು ಅಂತಲ್ಲ, ಎಲ್ಲಿ ಹೆಚ್ಚು ಹೊತ್ತು ನಿಂತಿತು ಅಂತ. ಈ ವಿಧಾನವನ್ನು ರೂಪಿಸಿದವರು ಶಿಕಾಗೋ ಬೋರ್ಡ್ ಆಫ್ ಟ್ರೇಡ್‌ನ ಟ್ರೇಡರ್ ಪೀಟರ್ ಸ್ಟೈಡಲ್‌ಮೇಯರ್. 1980ರ ದಶಕದಲ್ಲಿ ಅದು ಹೊರಗಿನವರ ಕೈಗೂ ಸಿಕ್ಕಿತು.

ಏನೇನು ಬೇಕು

ಮಕ್ಕಳು ಲೆಕ್ಕಕ್ಕೆ ಬಳಸುವ ಚೌಕಳಿ ನೋಟ್‌ಬುಕ್, ಒಂದು ಪೆನ್ಸಿಲ್, ಮತ್ತು 30 ನಿಮಿಷದ ಕ್ಯಾಂಡಲ್ ತೋರಿಸುವ ಯಾವುದಾದರೂ ಚಾರ್ಟ್. ಹಣ ಕೊಟ್ಟು ಸಾಫ್ಟ್‌ವೇರ್ ತೆಗೆದುಕೊಳ್ಳುವುದು ಈಗಲೇ ಬೇಡ. 20 ದಿನ ಕೈಯಲ್ಲಿ ಬರೆದ ಮೇಲೆ ಬೇಕಾದರೆ ತೆಗೆದುಕೊಳ್ಳಿ. ಆಗ ಸ್ಕ್ರೀನ್ ಮೇಲಿನ ಗೆರೆ ತಪ್ಪಿದ್ದರೆ ನಿಮಗೇ ಗೊತ್ತಾಗುತ್ತದೆ.

ನಾನು ಉದಾಹರಣೆಗೆ ನಿಫ್ಟಿ ಫ್ಯೂಚರ್ಸ್ ತೆಗೆದುಕೊಂಡಿದ್ದೇನೆ. ಕೆಳಗಿನ ಅಂಕಿಗಳು ಅಭ್ಯಾಸಕ್ಕೆಂದು ನಾನೇ ಜೋಡಿಸಿದವು, ಯಾವುದೋ ನಿಜವಾದ ದಿನದವಲ್ಲ.

ಹಂತ 1: ಅರ್ಧ ಗಂಟೆಗೊಂದು ಅಕ್ಷರ

ಮಾರುಕಟ್ಟೆ 9:15ಕ್ಕೆ ತೆರೆದು 3:30ಕ್ಕೆ ಮುಚ್ಚುವ ಲೆಕ್ಕದಲ್ಲಿ ದಿನವನ್ನು ಅರ್ಧರ್ಧ ಗಂಟೆಯ ತುಂಡು ಮಾಡಿ. ಮೊದಲ ತುಂಡು A, ಎರಡನೆಯದು B, ಹೀಗೆ. 12 ಪೂರ್ತಿ ತುಂಡುಗಳಾದ ಮೇಲೆ ಕೊನೆಗೆ 15 ನಿಮಿಷದ M ಉಳಿಯುತ್ತದೆ. ಎಕ್ಸ್‌ಚೇಂಜ್ ಸಮಯ ಬದಲಿಸಿದರೆ ಅಕ್ಷರಗಳ ಲೆಕ್ಕವೂ ಬದಲಾಗುತ್ತದೆ, ಅಷ್ಟೇ. ಪ್ರತಿ ತುಂಡಿಗೂ ಕೆಳಗಿನ ಬೆಲೆ, ಮೇಲಿನ ಬೆಲೆ ಎರಡನ್ನೂ ಬರೆದುಕೊಳ್ಳಿ.

```
A   9:15   24482  24546
B   9:45   24503  24556
C  10:15   24524  24578
D  10:45   24541  24587
E  11:15   24552  24585
F  11:45   24543  24576
G  12:15   24545  24568
H  12:45   24534  24567
I   1:15   24542  24574
J   1:45   24553  24596
K   2:15   24562  24604
L   2:45   24561  24595
M   3:15   24564  24586
```

ಈಗ ನೋಟ್‌ಬುಕ್‌ನ ಎಡಗಡೆ ಬೆಲೆಯ ಮೆಟ್ಟಿಲು ಬರೆಯಿರಿ. ನಾನು 10 ಪಾಯಿಂಟಿಗೆ ಒಂದು ಸಾಲು ಇಟ್ಟಿದ್ದೇನೆ. 24540 ಅಂತ ಬರೆದ ಸಾಲಿಗೆ 24540ರಿಂದ 24550ರ ಒಳಗಿನ ಎಲ್ಲ ಬೆಲೆಯೂ ಸೇರುತ್ತದೆ. A ತುಂಡಿನಲ್ಲಿ ಬೆಲೆ 24482ರಿಂದ 24546ರವರೆಗೆ ಓಡಾಡಿದೆ ಅಲ್ವಾ? ಹಾಗಾದರೆ 24480ರ ಸಾಲಿನಿಂದ 24540ರ ಸಾಲಿನವರೆಗೆ ಒಂದೊಂದು A ಹಾಕಿ. ಒಂದು ಸಾಲಿಗೆ ಬೆಲೆ ಅದೇ ಅರ್ಧ ಗಂಟೆಯಲ್ಲಿ ಹತ್ತು ಸಲ ಬಂದರೂ ಅಕ್ಷರ ಒಂದೇ. ಹೀಗೆ ಹಾಕಿದ ಒಂದು ಅಕ್ಷರವನ್ನು ಟಿಪಿಒ ಅನ್ನುತ್ತಾರೆ: ಇಂಥ ಸಮಯದಲ್ಲಿ ಇಂಥ ಬೆಲೆಯಲ್ಲಿ ಕೊಡುವ, ಕೊಳ್ಳುವ ಅವಕಾಶ ಇತ್ತು ಅನ್ನುವುದರ ಗುರುತು. ಎಷ್ಟು ಮಾಲು ಕೈ ಬದಲಾಯಿತು ಅನ್ನುವುದು ಇದರಲ್ಲಿ ಇಲ್ಲ. ಅದನ್ನು ಲೆಕ್ಕ ಹಾಕುವುದು ವಾಲ್ಯೂಮ್ ಪ್ರೊಫೈಲ್. ಅದು ಬೇರೆ, ಇದು ಬೇರೆ. ಎರಡರ ಗೆರೆಗಳೂ ಒಂದೇ ಕಡೆ ಬರಬೇಕೆಂದಿಲ್ಲ.

ಎಲ್ಲ ಅಕ್ಷರಗಳನ್ನೂ ಎಡಕ್ಕೆ ಒತ್ತಿ ಬರೆದರೆ ಚಿತ್ರ ಹೀಗೆ ಬರುತ್ತದೆ:

```
24600  K
24590  JKL
24580  DEJKLM
24570  CDEFIJKLM
24560  CDEFGHIJKLM
24550  BCDEFGHIJ
24540  ABCDFGHI
24530  ABCH
24520  ABC
24510  AB
24500  AB
24490  A
24480  A
```

ಇಲ್ಲಿ ಜಾಸ್ತಿ ಜನ ಎಡವುವುದು ಸಾಲಿನ ಅಳತೆಯಲ್ಲಿ. 1 ಪಾಯಿಂಟಿಗೆ ಒಂದು ಸಾಲು ಇಟ್ಟರೆ ಚಿತ್ರ ಉದ್ದುದ್ದಕ್ಕೆ ಎಳೆದು, ಹೊಟ್ಟೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. 50 ಪಾಯಿಂಟಿಗೆ ಒಂದು ಇಟ್ಟರೆ ಇಡೀ ದಿನ ನಾಲ್ಕೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಸಾಮಾನ್ಯ ದಿನದ ಓಡಾಟ 12ರಿಂದ 25 ಸಾಲಿನಲ್ಲಿ ಕೂರುವ ಹಾಗೆ ಅಳತೆ ಆರಿಸಿ. ಆಮೇಲೆ ಅದನ್ನು ದಿನಕ್ಕೊಂದು ಸಲ ಬದಲಿಸಬೇಡಿ. ಅಳತೆ ಬದಲಾದರೆ ಗೆರೆಯೂ ಜರುಗುತ್ತದೆ, ನಿನ್ನೆಗೂ ಇವತ್ತಿಗೂ ಹೋಲಿಕೆ ಸಿಗುವುದಿಲ್ಲ.

ಹಂತ 2: ಹೊಟ್ಟೆ ಎಲ್ಲಿದೆ?

ಅತಿ ಉದ್ದದ ಸಾಲು 24560. ಅದರಲ್ಲಿ 11 ಅಕ್ಷರಗಳಿವೆ. ಇದನ್ನು ಪಾಯಿಂಟ್ ಆಫ್ ಕಂಟ್ರೋಲ್ ಅನ್ನುತ್ತಾರೆ, ಸ್ಕ್ರೀನ್ ಮೇಲೆ POC. ಬೆಲೆ ಅತಿ ಹೆಚ್ಚು ಅರ್ಧ ಗಂಟೆಗಳಲ್ಲಿ ಮುಟ್ಟಿದ ಸಾಲು ಇದು. ಎರಡು ಸಾಲುಗಳು ಸಮ ಉದ್ದ ಇದ್ದರೆ ದಿನದ ಓಡಾಟದ ನಡುವಿಗೆ ಹತ್ತಿರ ಇರುವುದನ್ನು ಆರಿಸಿ.

ಹಂತ 3: ವ್ಯಾಲ್ಯೂ ಏರಿಯಾ ಲೆಕ್ಕ

ವ್ಯಾಲ್ಯೂ ಏರಿಯಾ ಅಂದರೆ ದಿನದ ಒಟ್ಟು ಅಕ್ಷರಗಳಲ್ಲಿ ಸುಮಾರು 70 ಶೇಕಡಾ ಇರುವ ಬೆಲೆಯ ಪಟ್ಟಿ. ಲೆಕ್ಕ ಕಷ್ಟ ಇಲ್ಲ, ಆದರೆ ಕ್ರಮ ತಪ್ಪಬಾರದು.

ನಮ್ಮ ಚಿತ್ರದಲ್ಲಿ ಒಟ್ಟು 60 ಅಕ್ಷರಗಳಿವೆ. ಅದರ 70 ಶೇಕಡಾ 42. ಹೊಟ್ಟೆಯ ಸಾಲಿನಿಂದ ಶುರು ಮಾಡಿ: ಕೈಯಲ್ಲಿ 11. ಈಗ ಮೇಲಿನ ಎರಡು ಸಾಲು ಕೂಡಿಸಿ: 9 ಮತ್ತು 6, ಒಟ್ಟು 15. ಕೆಳಗಿನ ಎರಡು ಸಾಲು ಕೂಡಿಸಿ: 9 ಮತ್ತು 8, ಒಟ್ಟು 17. ಯಾವುದು ದೊಡ್ಡದೋ ಅದನ್ನು ಸೇರಿಸಿಕೊಳ್ಳಿ. ಇಲ್ಲಿ ಕೆಳಗಿನದು ದೊಡ್ಡದು. 11ಕ್ಕೆ 17 ಸೇರಿ 28 ಆಯಿತು. 42 ಇನ್ನೂ ಬಂದಿಲ್ಲ. ಮತ್ತೆ ಹೋಲಿಸಿ. ಮೇಲಿನ ಎರಡು ಸಾಲು ಇನ್ನೂ ಹಾಗೇ ಇವೆ, 15. ಕೆಳಗೆ ಮುಂದಿನ ಎರಡು 24530 ಮತ್ತು 24520, ಅಲ್ಲಿ 4 ಮತ್ತು 3, ಒಟ್ಟು 7. ಈ ಸಲ ಮೇಲಿನದು ಗೆದ್ದಿತು. 28ಕ್ಕೆ 15 ಸೇರಿ 43. ಗುರಿ ದಾಟಿದೆವು, ನಿಲ್ಲಿಸಿ.

ಹೀಗೆ ನಮ್ಮ ಪಟ್ಟಿಯಲ್ಲಿ 24540ರಿಂದ 24580ರವರೆಗಿನ ಸಾಲುಗಳಿವೆ. ಕೆಳಂಚು 24540. 24580ರ ಸಾಲಿಗೆ ಅದರ ಮೇಲಿನ ತುದಿಯವರೆಗೂ ಜಾಗ ಇರುವುದರಿಂದ ಮೇಲಂಚು 24590. ಸ್ಕ್ರೀನ್ ಮೇಲೆ ಇವು VAL ಮತ್ತು VAH. ದಿನ ಪೂರ್ತಿ 24482ರಿಂದ 24604ರವರೆಗೆ, ಅಂದರೆ 122 ಪಾಯಿಂಟ್ ಓಡಾಡಿದ್ದರೂ ಮಾರುಕಟ್ಟೆ ನೆಲೆ ನಿಂತದ್ದು 50 ಪಾಯಿಂಟಿನ ಪಟ್ಟಿಯಲ್ಲಿ.

ಎರಡು ಸಾಫ್ಟ್‌ವೇರ್‌ಗಳಲ್ಲಿ ಅಂಚು ಸ್ವಲ್ಪ ಬೇರೆ ಬಂದರೆ ಗಾಬರಿ ಬೇಡ. ಕೆಲವು ಎರಡೆರಡು ಸಾಲು ಹೋಲಿಸುತ್ತವೆ, ಕೆಲವು ಒಂದೊಂದೇ ಸಾಲು. ಅಂಚನ್ನು ಕೂದಲೆಳೆಯಷ್ಟು ನಿಖರ ಗೆರೆ ಅಂತ ತಿಳಿಯುವುದೇ ತಪ್ಪು. ಅದು ಒಂದು ಸಾಲಿನಷ್ಟು ದಪ್ಪ ಇರುವ ಬದು. ಸ್ಟಾಪ್‌ಲಾಸ್ ಇಡುವಾಗ ಈ ಮಾತು ಮತ್ತೆ ಬರುತ್ತದೆ.

ಹಂತ 4: ಮೊದಲ ಗಂಟೆಯನ್ನು ಗುರುತು ಮಾಡಿ

A ಮತ್ತು B ಸೇರಿದ ಮೊದಲ ಗಂಟೆಯ ಓಡಾಟವೇ ಇನಿಶಿಯಲ್ ಬ್ಯಾಲೆನ್ಸ್. ನಮ್ಮಲ್ಲಿ ಅದು 9:15ರಿಂದ 10:15. ಮೇಲಿನ ದಿನದಲ್ಲಿ ಅದು 24482ರಿಂದ 24556, ಅಂದರೆ 74 ಪಾಯಿಂಟ್. C ತುಂಡಿನಲ್ಲಿ ಬೆಲೆ 24556 ದಾಟಿ 24578ಕ್ಕೆ ಹೋಯಿತು. ಹೀಗೆ ಮೊದಲ ಗಂಟೆಯ ಗಡಿ ದಾಟುವುದಕ್ಕೆ ರೇಂಜ್ ಎಕ್ಸ್‌ಟೆನ್ಶನ್ ಅನ್ನುತ್ತಾರೆ.

ಮೊದಲ ಗಂಟೆ ಅಗಲವೋ ಕಿರಿದೋ ಅನ್ನುವುದನ್ನು ಕಳೆದ 20 ದಿನಗಳ ಸರಾಸರಿಯ ಜೊತೆ ಹೋಲಿಸಿ ನೋಡಿ. ಸುಮ್ನೆ ಕಣ್ಣಳತೆಯಲ್ಲಿ ಹೇಳಬೇಡಿ. ಕಿರಿದಾಗಿದ್ದರೆ ಗಡಿ ಮುರಿಯುವುದು ಸುಲಭ, ಒಂದೇ ದಿಕ್ಕಿಗೆ ಓಡುವ ದಿನ ಆಗಬಹುದು. ತುಂಬಾ ಅಗಲ ಇದ್ದರೆ ದಿನದ ಓಡಾಟ ಹೆಚ್ಚಿನಂಶ ಆಗಿಹೋಗಿರುತ್ತದೆ. ಉಳಿದ ಹೊತ್ತು ಬೆಲೆ ಅದರೊಳಗೇ ಸುತ್ತಬಹುದು.

ಇಲ್ಲೊಂದು ಎಚ್ಚರಿಕೆ. ಆರ್‌ಬಿಐ ಹಣಕಾಸು ನೀತಿ ಪ್ರಕಟಿಸುವುದು ಬೆಳಗ್ಗೆ 10ಕ್ಕೆ. ಅಂದರೆ ಅದು B ತುಂಡಿನ ನಡುವೆ ಬಂದು ಬೀಳುತ್ತದೆ. ಅರ್ಧ ಸುದ್ದಿಗೆ ಮುಂಚಿನ ಕಾಯುವಿಕೆ, ಅರ್ಧ ಸುದ್ದಿಯ ಜಿಗಿತ, ಎರಡೂ ಒಂದೇ ಗಂಟೆಯಲ್ಲಿ ಬೆರೆತುಹೋಗುತ್ತವೆ. ಅವತ್ತಿನ ಇನಿಶಿಯಲ್ ಬ್ಯಾಲೆನ್ಸ್ ಅನ್ನು ನಾನು ಸರಾಸರಿಗೂ ಸೇರಿಸುವುದಿಲ್ಲ, ಅದರ ಮೇಲೆ ಟ್ರೇಡ್ ಕೂಡ ಮಾಡುವುದಿಲ್ಲ. ಬಜೆಟ್ ದಿನವೂ ಹಾಗೆಯೇ.

ಹಂತ 5: ಮರುದಿನ ಬೆಳಗ್ಗೆ ಮೊದಲ ಪ್ರಶ್ನೆ

ನಿನ್ನೆಯ ಮೂರು ಗೆರೆ ಎಳೆದುಕೊಂಡು ಕೂತಿದ್ದೀರಿ: 24540, 24560, 24590. ಇವತ್ತು ಮಾರುಕಟ್ಟೆ ತೆರೆದದ್ದು ನಿನ್ನೆಯ ವ್ಯಾಲ್ಯೂ ಏರಿಯಾ ಒಳಗೋ ಹೊರಗೋ? ಒಳಗೆ ತೆರೆದರೆ ಕೆಳಗೆ ಹೇಳುವ ಟ್ರೇಡ್ ಅವತ್ತಿಗೆ ಇಲ್ಲ. ಹೊರಗೆ ತೆರೆದರೆ ಮಾತ್ರ ಮುಂದಕ್ಕೆ ಓದಿ.

ಹೊರಗೆ ತೆರೆಯುವುದು ಅಂದರೆ ಮಾರುಕಟ್ಟೆ ಹೊಸ ಬೆಲೆ ಕೇಳಿ ನೋಡುತ್ತಿದೆ ಅಂತ. ಅದು ಹೊರಗೇ ನಿಂತು, ಮೊದಲ ಗಂಟೆಯ ಗಡಿಯನ್ನೂ ಅದೇ ದಿಕ್ಕಿಗೆ ಮುರಿದರೆ ಹೊಸ ಬೆಲೆಗೆ ಒಪ್ಪಿಗೆ ಸಿಕ್ಕಿದೆ. ಅದಕ್ಕೆ ಎದುರು ನಿಲ್ಲಬೇಡಿ. ಆದರೆ ಕೇಳಿದ ಬೆಲೆಗೆ ಯಾರೂ ಬರದೆ ಬೆಲೆ ನಿನ್ನೆಯ ಪಟ್ಟಿಯೊಳಕ್ಕೆ ವಾಪಸ್ ಬಂದು ಅಲ್ಲೇ ನೆಲೆ ನಿಂತರೆ, ಅದು ಪಟ್ಟಿಯ ಆ ಬದಿಯಿಂದ ಈ ಬದಿಯವರೆಗೂ ದಾಟಬಹುದು. ಇದಕ್ಕೆ 80 ಶೇಕಡಾ ನಿಯಮ ಅಂತ ಹೆಸರು ಬಿದ್ದಿದೆ. ಹೆಸರಿನಲ್ಲಿರುವ 80 ಅನ್ನು ಖಾತರಿ ಅಂತ ನಂಬಬೇಡಿ. ನೀವು ಆಡುವ ಷೇರು ಅಥವಾ ಸೂಚ್ಯಂಕದಲ್ಲಿ ಅದು ಎಷ್ಟು ಸಲ ನಡೆಯುತ್ತದೆ ಅನ್ನುವುದು ನಿಮ್ಮ ನೋಟ್‌ಬುಕ್‌ನಿಂದಲೇ ಬರಬೇಕು.

ನೆಲೆ ನಿಂತಿತು ಅಂತ ಹೇಗೆ ಹೇಳುವುದು? ಒಂದರ ಹಿಂದೆ ಒಂದು ಎರಡು ಅರ್ಧ ಗಂಟೆಗಳು ಪಟ್ಟಿಯೊಳಗೇ ಮುಗಿಯಬೇಕು. ಕೆಲವರು ಎರಡು ಅಕ್ಷರ ಒಳಗೆ ಬಿದ್ದರೆ ಸಾಕು ಅನ್ನುತ್ತಾರೆ. ನಾನು ಮುಗಿದ ಬೆಲೆಯನ್ನೇ ನೋಡುತ್ತೇನೆ. ಒಳಗೆ ಇಣುಕಿ ಹೊರಗೆ ಹೋಗುವುದು ತುಂಬಾ ಸಾಮಾನ್ಯ.

ಹಂತ 6: ಒಂದು ಟ್ರೇಡ್ ಪೂರ್ತಿ

ಇವತ್ತು ಮಾರುಕಟ್ಟೆ 24620ಕ್ಕೆ ತೆರೆಯಿತು ಅಂದುಕೊಳ್ಳಿ. ನಿನ್ನೆಯ ಮೇಲಂಚು 24590. ಹಾಗಾಗಿ ಇದು ಹೊರಗೆ, ಮೇಲ್ಗಡೆ. ಕೆಳಗಿನ ಪಟ್ಟಿಯಲ್ಲಿ ಕೊನೆಯ ಅಂಕಣ ಆ ತುಂಡು ಮುಗಿದ ಬೆಲೆ.

```
A   9:15   24595  24638  24608
B   9:45   24578  24618  24600
C  10:15   24570  24602  24582
D  10:45   24562  24588  24572
```

B ತುಂಡಿನಲ್ಲಿ ಬೆಲೆ 24578ಕ್ಕೆ ಬಂತು. ಪಟ್ಟಿಯೊಳಗೆ ಕಾಲಿಟ್ಟಿತು. ತುಂಬಾ ಜನ ಇಲ್ಲೇ ಆತುರಪಟ್ಟು ಮಾರುತ್ತಾರೆ. ಆದರೆ B ಮುಗಿದದ್ದು 24600ಕ್ಕೆ, ಹೊರಗೆ. ಇದು ಇಣುಕಿದ್ದು, ನಿಂತದ್ದಲ್ಲ. ಇಷ್ಟರಲ್ಲಿ ಇನಿಶಿಯಲ್ ಬ್ಯಾಲೆನ್ಸ್ ಸಿಕ್ಕಿತು: 24578ರಿಂದ 24638, 60 ಪಾಯಿಂಟ್.

C ಮುಗಿದದ್ದು 24582ಕ್ಕೆ, ಒಳಗೆ. ಜೊತೆಗೆ ಅದು 24578ರ ಕೆಳಗೂ ಇಳಿದು 24570 ಮುಟ್ಟಿತು. ಅಂದರೆ ಮೊದಲ ಗಂಟೆಯ ಗಡಿ ಕೆಳಗಡೆಗೆ ಮುರಿಯಿತು. ಎರಡು ಸಾಕ್ಷಿಯೂ ಒಂದೇ ಮಾತು ಹೇಳುತ್ತಿವೆ. ಆದರೂ ಇನ್ನೊಂದು ತುಂಡು ಕಾಯಬೇಕು. D ಮುಗಿದದ್ದು 24572ಕ್ಕೆ, ಮತ್ತೆ ಒಳಗೆ. ಅದರ ಮೇಲಿನ ಬೆಲೆ 24588, ಮೇಲಂಚನ್ನು ದಾಟಲೇ ಇಲ್ಲ. ಈಗ ಗಂಟೆ 11:15. ನೆಲೆ ನಿಂತಿದೆ.

ಇಲ್ಲಿ ಎರಡು ದಾರಿ. ತಕ್ಷಣ 24572ಕ್ಕೆ ಶಾರ್ಟ್ ಮಾಡಬಹುದು, ಅಂದರೆ ಮೊದಲು ಮಾರಿ ಆಮೇಲೆ ಕೊಳ್ಳುವುದು. ಸ್ಟಾಪ್‌ಲಾಸ್ ಮೇಲಂಚಿಗಿಂತ ಮೇಲೆ, 24598ರಲ್ಲಿ ಇಟ್ಟರೆ ತಪ್ಪಿದಾಗ ಹೋಗುವುದು 26 ಪಾಯಿಂಟ್. ಗುರಿ ಕೆಳಂಚಿನ ಹತ್ತಿರ, 24542. ಸಿಗುವುದು 30. ದಲ್ಲಾಳಿ ಶುಲ್ಕ, ಎಸ್‌ಟಿಟಿ, ಸ್ಟಾಂಪ್ ಡ್ಯೂಟಿ ಎಲ್ಲ ಕಳೆದರೆ ಈ ಲೆಕ್ಕ ನನಗೆ ಹಿಡಿಸುವುದಿಲ್ಲ.

ಎರಡನೆಯ ದಾರಿ, ಬೆಲೆ ಮತ್ತೆ ಮೇಲಂಚಿನ ಹತ್ತಿರ ಏರುವವರೆಗೆ ಕಾಯುವುದು. E ತುಂಡಿನಲ್ಲಿ ಬೆಲೆ 24586ರವರೆಗೆ ಏರಿತು ಅಂದುಕೊಳ್ಳಿ. 24582ಕ್ಕೆ ಮಾರಿದಿರಿ. ಸ್ಟಾಪ್‌ಲಾಸ್ ಅದೇ 24598. ಹೋಗುವುದು 16, ಸಿಗುವುದು 40. F ತುಂಡಿನಲ್ಲಿ ಬೆಲೆ 24548 ಕಂಡಿತು, G ತುಂಡಿನಲ್ಲಿ 24538. ಅಂದರೆ 12:15 ಮತ್ತು 12:45ರ ನಡುವೆ 24542ರ ಗುರಿ ಮುಟ್ಟಿತು, ಟ್ರೇಡ್ ಮುಗಿಯಿತು.

ಬೆಲೆ ಮೇಲಂಚಿಗೆ ವಾಪಸ್ ಬರದೆ ನೇರ ಇಳಿದುಹೋದರೆ? ಆ ಟ್ರೇಡ್ ನಿಮ್ಮದಲ್ಲ. ಅಟ್ಟಿಸಿಕೊಂಡು ಹೋಗಿ ಪಟ್ಟಿಯ ನಡುವೆ ಮಾರಿದರೆ ಸ್ಟಾಪ್‌ಲಾಸ್ ದೂರ, ಗುರಿ ಹತ್ತಿರ.

ಸ್ಟಾಪ್‌ಲಾಸನ್ನು 24590ರಲ್ಲೇ ಇಡದೆ 24598ರಲ್ಲಿ ಇಟ್ಟದ್ದು ಯಾಕೆ ಅಂದರೆ, ಅಂಚು ಒಂದು ಸಾಲಿನಷ್ಟು ದಪ್ಪದ ಬದು ಅಂತ ಆಗಲೇ ಹೇಳಿದೆ. ಬದುವಿನ ಮೇಲೆ ನಿಂತರೆ ಸಣ್ಣ ಅಲೆಗೇ ಹೊರಬೀಳುತ್ತೀರಿ. ಒಂದು ಅರ್ಧ ಗಂಟೆ 24590ರ ಮೇಲೆ ಮುಗಿದರೆ ಮಾತ್ರ, ಸ್ಟಾಪ್‌ಲಾಸ್ ಹೊಡೆಯದಿದ್ದರೂ ನಾನು ಹೊರಗೆ ಬರುತ್ತೇನೆ. ಒಳಗೆ ನೆಲೆ ನಿಂತಿದೆ ಅನ್ನುವ ಕಾರಣಕ್ಕೆ ಮಾರಿದ್ದು. ಆ ಕಾರಣವೇ ಹೋದ ಮೇಲೆ ಕೂತು ಕಾಯುವುದಕ್ಕೆ ಏನೂ ಉಳಿಯುವುದಿಲ್ಲ.

ಎಲ್ಲಿ ಕೆಡುತ್ತದೆ

ಜಾಸ್ತಿ ಕೆಡುವುದು ಒಂದೇ ದಿಕ್ಕಿಗೆ ಓಡಿದ ದಿನದ ಮರುದಿನ. ಆ ದಿನದ ಚಿತ್ರ ಹೊಟ್ಟೆ ಇಲ್ಲದೆ ಉದ್ದಕ್ಕೆ, ಸಾಲಿಗೆ ಎರಡು ಮೂರು ಅಕ್ಷರದಂತೆ ಇರುತ್ತದೆ. 70 ಶೇಕಡಾ ಲೆಕ್ಕ ಹಾಕಿದರೆ ಪಟ್ಟಿ ಬರುತ್ತದೆ ನಿಜ, ಆದರೆ ಅಲ್ಲಿ ಯಾರೂ ನೆಲೆ ನಿಂತಿಲ್ಲ. ಅಂಥ ಪಟ್ಟಿಯ ಅಂಚಿಗೆ ಅರ್ಥ ಇಲ್ಲ. ಸಾಫ್ಟ್‌ವೇರ್ ಮಾತ್ರ ಎಂದಿನಂತೆ ಗೆರೆ ಎಳೆದಿರುತ್ತದೆ. ಕೈಯಲ್ಲಿ ಬರೆದವರಿಗೆ ಇದು ಬರೆಯುವಾಗಲೇ ಕಾಣುತ್ತದೆ. ಒಂದೇ ದಿನದಲ್ಲಿ ಎರಡು ಹೊಟ್ಟೆ ಬಂದಿದ್ದರೂ ಒಂದೇ ಪಟ್ಟಿ ಮಾಡಬೇಡಿ. ಎರಡನ್ನೂ ಬೇರೆ ಬೇರೆ ನೋಡಿ.

ಫ್ಯೂಚರ್ಸ್‌ನಲ್ಲಿ ಎಕ್ಸ್‌ಪೈರಿ ಆದ ಮರುದಿನ ಇನ್ನೊಂದು ತಪ್ಪು ಆಗುತ್ತದೆ. ಹೊಸ ತಿಂಗಳ ಕಾಂಟ್ರ್ಯಾಕ್ಟ್ ಬೇರೆ ಬೆಲೆಯಲ್ಲಿ ನಡೆಯುತ್ತಿರುತ್ತದೆ. ಹಳೆಯ ಕಾಂಟ್ರ್ಯಾಕ್ಟ್‌ನ ಪಟ್ಟಿ ಇಟ್ಟುಕೊಂಡು ಹೊಸದನ್ನು ನೋಡಿದರೆ, ಮಾರುಕಟ್ಟೆ ಒಳಗೆ ತೆರೆದಿದ್ದರೂ ಹೊರಗೆ ತೆರೆದಂತೆ ಕಾಣಬಹುದು. ಎಕ್ಸ್‌ಪೈರಿ ದಿನವೇ ಹೊಸ ಕಾಂಟ್ರ್ಯಾಕ್ಟ್‌ನ ಪ್ರೊಫೈಲನ್ನೂ ಬರೆದಿಟ್ಟುಕೊಳ್ಳಿ.

ಇನ್ನು ನಮ್ಮ ಮಲೆನಾಡಿನದೇ ತೊಂದರೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಅದರ ಹಿಂದೆಯೇ ಹೋಗುತ್ತದೆ. ತೀರ್ಥಹಳ್ಳಿ ಹತ್ತಿರದ ನೆಂಟರ ಮನೆಯಲ್ಲಿ ಕೂತಿದ್ದಾಗ ಟ್ರೇಡ್ ತೆರೆದಿಟ್ಟ ಹತ್ತು ನಿಮಿಷಕ್ಕೆ ಎರಡೂ ಹೋಗಿ, ಒಂದೂವರೆ ಗಂಟೆ ನನಗೆ ಬೆಲೆಯೇ ಕಾಣಲಿಲ್ಲ. ಸ್ಟಾಪ್‌ಲಾಸ್ ಮನಸ್ಸಿನಲ್ಲಿ ಮಾತ್ರ ಇತ್ತು. ಅವತ್ತಿನಿಂದ ಮಾರುವ ಆರ್ಡರ್ ಆದ ಕೂಡಲೇ ಸ್ಟಾಪ್‌ಲಾಸ್ ಆರ್ಡರ್ ಎಕ್ಸ್‌ಚೇಂಜ್‌ಗೆ ಹೋಗುವಂತೆ ಹಾಕಿಬಿಡುತ್ತೇನೆ. ಬ್ರೋಕರ್‌ನ ಕಾಲ್ ಅಂಡ್ ಟ್ರೇಡ್ ನಂಬರ್ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ತಪ್ಪಿಹೋದ ಅಕ್ಷರಗಳ ಚಿಂತೆ ಬೇಡ. ಕರೆಂಟ್ ಬಂದ ಮೇಲೆ 30 ನಿಮಿಷದ ಕ್ಯಾಂಡಲ್ ನೋಡಿ ತುಂಬಿಸಬಹುದು. ಆದರೆ ಮೊದಲ ಗಂಟೆಯನ್ನೇ ನೋಡಲಾಗದಿದ್ದ ದಿನ, ಪ್ರೊಫೈಲ್ ತುಂಬಿಸಿ, ಟ್ರೇಡ್ ಬಿಡಿ.

ಹಂತ 7: ಹಣ ಹಾಕುವ ಮುಂಚೆ

ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಐದು ಅಂಕಣ ಎಳೆಯಿರಿ: ತಾರೀಕು, ಒಳಗೆ ತೆರೆಯಿತೋ ಹೊರಗೋ, ಎರಡು ತುಂಡು ಒಳಗೆ ಮುಗಿದವೋ ಇಲ್ಲವೋ, ಅಂಚಿಗೆ ವಾಪಸ್ ಬಂತೋ, ಆಚೆ ಅಂಚು ಮುಟ್ಟಿತೋ. ಹೊರಗೆ ತೆರೆದು ಒಳಗೆ ನೆಲೆ ನಿಂತ ದಿನಗಳೇ ಕಡಿಮೆ. ಅಂಥವು 30 ಸೇರಬೇಕಾದರೆ ತಿಂಗಳುಗಟ್ಟಲೆ ಬೇಕು. ಹಳೆಯ ಚಾರ್ಟ್ ಹಿಂದಕ್ಕೆ ಸರಿಸಿಯೂ ಬರೆಯಬಹುದು. ಹಾಗೆ ಬರೆಯುವಾಗ ಬಲಗಡೆಯ ಕ್ಯಾಂಡಲ್‌ಗಳನ್ನು ಒಂದು ಹಾಳೆಯಿಂದ ಮುಚ್ಚಿ, ಒಂದೊಂದೇ ಅರ್ಧ ಗಂಟೆ ತೆರೆಯುತ್ತಾ ಹೋಗಿ. ಮುಂದೆ ಏನಾಯಿತು ಅಂತ ಕಣ್ಣಿಗೆ ಬಿದ್ದರೆ, ಇಣುಕಿದ್ದನ್ನೂ ನೆಲೆ ನಿಂತದ್ದು ಅಂತ ಬರೆದುಬಿಡುತ್ತೇವೆ.